ಮೌಸ್‌ನ ಪೋಲಿಂಗ್ ದರ: ಲಾಭ ಎಲ್ಲಿಯವರೆಗೆ, ಹೊರೆ ಎಲ್ಲಿಂದ?

ಯುಎಸ್‌ಬಿ ಮೌಸ್ ತಾನಾಗಿ ಕಂಪ್ಯೂಟರಿಗೆ ಏನನ್ನೂ ಹೇಳುವುದಿಲ್ಲ. ಕಂಪ್ಯೂಟರಿನೊಳಗಿನ ಯುಎಸ್‌ಬಿ ಕಂಟ್ರೋಲರ್ ನಿಗದಿತ ಅಂತರದಲ್ಲಿ ಹೊಸತೇನಾದರೂ ಇದೆಯೇ ಎಂದು ಕೇಳುತ್ತದೆ. ಅಲ್ಲಿಯವರೆಗೆ ಕೂಡಿಟ್ಟ ಚಲನೆಯನ್ನೂ ಗುಂಡಿಗಳ ಸ್ಥಿತಿಯನ್ನೂ ಮೌಸ್ ಆಗ ಒಪ್ಪಿಸುತ್ತದೆ. ಸೆಕೆಂಡಿಗೆ ಎಷ್ಟು ಸಲ ಹೀಗೆ ಕೇಳಲಾಗುತ್ತದೆ ಎಂಬುದೇ ಪೋಲಿಂಗ್ ದರ.

ಸಾಮಾನ್ಯ ಕಚೇರಿ ಮೌಸ್‌ನ ದರ 125 ಹರ್ಟ್ಸ್, ಅಂದರೆ 8 ಮಿಲಿಸೆಕೆಂಡಿಗೆ ಒಂದು ಪ್ರಶ್ನೆ. ಗುಂಡಿ ಒತ್ತುವ ಕ್ಷಣ ಎರಡು ಪ್ರಶ್ನೆಗಳ ನಡುವೆ ಎಲ್ಲಿ ಬೇಕಾದರೂ ಬೀಳಬಹುದಾದ್ದರಿಂದ, ಈ ಹಂತದ ಸರಾಸರಿ ವಿಳಂಬ 4 ಮಿಲಿಸೆಕೆಂಡು. 1000 ಹರ್ಟ್ಸ್‌ಗೆ ಏರಿಸಿದರೆ ಅದು ಅರ್ಧ ಮಿಲಿಸೆಕೆಂಡಿಗೆ ಇಳಿಯುತ್ತದೆ. ಅಲ್ಲಿಂದ 8000ಕ್ಕೆ ಹಾರಿದರೆ ಮತ್ತೆ ಉಳಿಯುವುದು ಅರ್ಧ ಮಿಲಿಸೆಕೆಂಡಿಗಿಂತಲೂ ಕಡಿಮೆ. 60 ಹರ್ಟ್ಸ್ ಪರದೆಯಲ್ಲಿ ಒಂದು ಚಿತ್ರ ಬದಲಾಗಲು ಸುಮಾರು 16.7 ಮಿಲಿಸೆಕೆಂಡು ಬೇಕು. ಮೊದಲ ಏರಿಕೆ ನಿಜವಾದ ಲಾಭ. ಎರಡನೆಯದು ಅಂಥ ಪರದೆಯ ಮುಂದೆ ಲೆಕ್ಕಕ್ಕೇ ಬರುವುದಿಲ್ಲ.

ಆದರೆ ಪ್ರೊಸೆಸರ್ ಮೇಲಿನ ಹೊರೆ ಹೀಗೆ ಕುಗ್ಗುತ್ತ ಹೋಗುವುದಿಲ್ಲ. ಮೌಸ್ ಸುಮ್ಮನಿದ್ದಾಗ 'ಏನೂ ಇಲ್ಲ' ಎಂಬ ಉತ್ತರವನ್ನು ಕಂಟ್ರೋಲರ್ ತಾನೇ ನುಂಗಿಕೊಳ್ಳುತ್ತದೆ, ಪ್ರೊಸೆಸರಿಗೆ ಸುದ್ದಿ ಮುಟ್ಟುವುದೇ ಇಲ್ಲ. ಮೌಸ್ ಚಲಿಸಿದಾಗ ಮಾತ್ರ ಪ್ರತಿ ವರದಿಯೂ ಪ್ರೊಸೆಸರಿನ ಕೆಲಸಕ್ಕೆ ಅಡ್ಡಬಂದು, ಡ್ರೈವರ್ ಮತ್ತು ಆಪರೇಟಿಂಗ್ ಸಿಸ್ಟಮ್ ದಾಟಿ ಆಟದವರೆಗೆ ಹೋಗಬೇಕು. ಒಂದು ವರದಿಗೆ ಒಟ್ಟು 20 ಮೈಕ್ರೊಸೆಕೆಂಡು ತಗಲುತ್ತದೆ ಎಂದಿಟ್ಟುಕೊಳ್ಳೋಣ. 1000 ಹರ್ಟ್ಸ್‌ನಲ್ಲಿ ಅದು ಒಂದು ಕೋರ್‌ನ ಸಮಯದ ಶೇ. 2 ಆಗುತ್ತದೆ, 8000ದಲ್ಲಿ ಶೇ. 16. ಸೆಕೆಂಡಿಗೆ 200 ಚಿತ್ರ ಬಿಡಿಸುವ ಆಟಕ್ಕೆ ಒಂದು ಚಿತ್ರದ ಅವಧಿಯಲ್ಲಿ 5ರ ಬದಲು 40 ವರದಿಗಳು ಬರುತ್ತವೆ. ಚಿತ್ರ ಬಿಡಿಸುವ ಕೋರೇ ಅವನ್ನೂ ಓದಬೇಕಾದರೆ ಚಿತ್ರ ತಡವಾಗಿ, ಆಟ ಮುಗ್ಗರಿಸುತ್ತದೆ. ಉಳಿಸಿದ್ದು ಅರ್ಧ ಮಿಲಿಸೆಕೆಂಡು, ಕಳೆದದ್ದು ಹಲವು ಮಿಲಿಸೆಕೆಂಡು ಎಂಬ ಸ್ಥಿತಿ ಬರುವುದು ಇಲ್ಲಿಯೇ. ಹಿನ್ನೆಲೆಯಲ್ಲಿ ಮೌಸ್‌ನ ವರದಿ ಕೇಳುತ್ತಿರುವ ಇತರ ತಂತ್ರಾಂಶಗಳೂ ಈ ಹೊರೆಗೆ ಸೇರುತ್ತವೆ. 2023ರಲ್ಲಿ ವಿಂಡೋಸ್ 11ಕ್ಕೆ ಬಂದ ಒಂದು ಅಪ್‌ಡೇಟ್ ಅವುಗಳಿಗೆ ಹೋಗುವ ವರದಿಗಳಿಗೆ ಮಿತಿ ಹಾಕಿತು.

ಈ ತೊಂದರೆ ಗುರುತಿಸುವುದು ಸುಲಭ. ಆಟದ ಒಂದೇ ದೃಶ್ಯದಲ್ಲಿ ನಿಂತು ಫ್ರೇಮ್ ದರ ನೋಡಬೇಕು, ಬಳಿಕ ಮೌಸನ್ನು ವೇಗವಾಗಿ ಸುತ್ತಿಸಬೇಕು. ದೃಶ್ಯ ತಿರುಗಿದ ಕಾರಣಕ್ಕೂ ದರ ಸ್ವಲ್ಪ ಬೀಳಬಹುದಾದ್ದರಿಂದ ಇದೇ ಪರೀಕ್ಷೆಯನ್ನು 1000 ಹರ್ಟ್ಸ್‌ನಲ್ಲಿ ಮತ್ತೊಮ್ಮೆ ಮಾಡಿ ಹೋಲಿಸಬೇಕು. ಆಗ ಕುಸಿತ ಮಾಯವಾದರೆ ಕಾರಣ ಪೋಲಿಂಗ್ ದರವೇ.

ಸೆನ್ಸರ್‌ನ ಡಿಪಿಐ ಇದಕ್ಕೆ ನೇರವಾಗಿ ಹೊಂದಿಕೊಂಡಿದೆ. 800 ಡಿಪಿಐ ಮೌಸ್ ಒಂದು ಇಂಚು ಸರಿದರೆ 800 ಎಣಿಕೆ ಕೊಡುತ್ತದೆ. ಕೈ ಸೆಕೆಂಡಿಗೆ ಒಂದು ಇಂಚಿನಂತೆ ನಿಧಾನವಾಗಿ ಚಲಿಸುವಾಗ 8000 ಪ್ರಶ್ನೆಗಳಲ್ಲಿ ಸುಮಾರು 800ಕ್ಕೆ ಮಾತ್ರ ಹೇಳಲು ಏನಾದರೂ ಇರುತ್ತದೆ. ಎಲ್ಲ ಪ್ರಶ್ನೆಗಳೂ ತುಂಬಬೇಕಾದರೆ ಸೆಕೆಂಡಿಗೆ 10 ಇಂಚು ವೇಗ ಬೇಕು, 1600 ಡಿಪಿಐ ಇದ್ದರೆ 5 ಇಂಚು ಸಾಕು. ನಿಧಾನ ಚಲನೆಯ ಮೊದಲ ಎಣಿಕೆಯೂ ಹೆಚ್ಚು ಡಿಪಿಐನಲ್ಲಿ ಬೇಗ ಹುಟ್ಟುತ್ತದೆ. ಆದ್ದರಿಂದ ಡಿಪಿಐ ಇಮ್ಮಡಿಸಿ ಆಟದೊಳಗಿನ ಸಂವೇದನೆಯನ್ನು ಅರ್ಧಕ್ಕಿಳಿಸುವುದು ಖರ್ಚಿಲ್ಲದ ಸುಧಾರಣೆ. ಇದಕ್ಕೂ ಮಿತಿಯಿದೆ: ಕೆಲವು ಸೆನ್ಸರ್‌ಗಳು ತೀರಾ ಹೆಚ್ಚಿನ ಡಿಪಿಐನಲ್ಲಿ ನಡುಕ ಮರೆಮಾಚಲು ಹಲವು ಅಳತೆಗಳ ಸರಾಸರಿ ತೆಗೆಯುತ್ತವೆ, ಅದರಿಂದ ವಿಳಂಬ ಹೆಚ್ಚುತ್ತದೆ.

ಇನ್ನು ಪೋರ್ಟ್. ನೀಲಿ ಯುಎಸ್‌ಬಿ 3 ಪೋರ್ಟ್‌ಗೆ ಹಾಕಿದರೆ ಮೌಸ್ ಚುರುಕಾಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಸೆಕೆಂಡಿಗೆ 12 ಮೆಗಾಬಿಟ್‌ನ 'ಫುಲ್ ಸ್ಪೀಡ್' ಮೌಸ್‌ಗೆ ಮಿಲಿಸೆಕೆಂಡಿಗೊಂದು ಪ್ರಶ್ನೆಯೇ ಗರಿಷ್ಠ. 8000 ಹರ್ಟ್ಸ್‌ಗೆ 480 ಮೆಗಾಬಿಟ್‌ನ 'ಹೈ ಸ್ಪೀಡ್' ಬೇಕು, ಅದು ಯುಎಸ್‌ಬಿ 2.0 ಪೋರ್ಟ್‌ನಲ್ಲೇ ಇದೆ. ಮೌಸ್ ಯಾವ ವೇಗದಲ್ಲಿ, ಯಾವ ಹಬ್‌ನ ಹಿಂದೆ ಇದೆ ಎಂಬುದನ್ನು ಲಿನಕ್ಸ್‌ನಲ್ಲಿ ಈ ಆಜ್ಞೆ ತೋರಿಸುತ್ತದೆ:

```
lsusb -t
```

ಸಾಲಿನ ಕೊನೆಯಲ್ಲಿ `12M` ಇದ್ದರೆ ಫುಲ್ ಸ್ಪೀಡ್, `480M` ಇದ್ದರೆ ಹೈ ಸ್ಪೀಡ್. ವೆಬ್‌ಕ್ಯಾಮ್, ಹೊರಗಿನ ಡಿಸ್ಕ್ ಸಿಕ್ಕಿಸಿದ ಹಬ್‌ಗೆ ಮೌಸನ್ನೂ ಸೇರಿಸುವ ಬದಲು ಮದರ್‌ಬೋರ್ಡ್‌ನ ಹಿಂಬದಿಯ ಪೋರ್ಟ್‌ಗೆ ನೇರವಾಗಿ ಹಾಕುವುದು ಒಳ್ಳೆಯದು. ವೈರ್‌ಲೆಸ್ ಮೌಸ್‌ನ ವಿಷಯ ಬೇರೆ. ಕೆಲಸ ಮಾಡುತ್ತಿರುವ ಯುಎಸ್‌ಬಿ 3 ಸಾಧನ ಮತ್ತು ಕೇಬಲ್‌ಗಳಿಂದ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ರೇಡಿಯೊ ಗದ್ದಲ ಸೋರುತ್ತದೆ. ಪಕ್ಕದಲ್ಲೇ ರಿಸೀವರ್ ಇದ್ದರೆ ವರದಿಗಳು ಕಳೆದುಹೋಗಿ ಬಾಣದ ಗುರುತು ಹಾರಿಹಾರಿ ಚಲಿಸುತ್ತದೆ. ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ರಿಸೀವರನ್ನು ಮೌಸ್ ಹತ್ತಿರ ತಂದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಹೆಚ್ಚಿನ ಕಂಪ್ಯೂಟರುಗಳಿಗೆ 1000 ಹರ್ಟ್ಸ್, 800ರಿಂದ 1600 ಡಿಪಿಐ ಮತ್ತು ಒಂದು ನೇರ ಪೋರ್ಟ್ ಸಾಕು. 8000 ಹರ್ಟ್ಸ್ ಅರ್ಥಪೂರ್ಣವಾಗುವುದು ವೇಗದ ಪರದೆಯೂ ಬಿಡುವಿರುವ ಪ್ರೊಸೆಸರೂ ಒಟ್ಟಿಗಿದ್ದಾಗ ಮಾತ್ರ.