ನಿಮಗಿದು ಗೊತ್ತೆ? ಜಿಎಸ್‌ಟಿ ಬಿಲ್ಲಿನ ನಾಲ್ಕು ಪೈಸೆ ಎಲ್ಲಿಂದ ಬಂತು?

ಹಾರ್ಡ್‌ವೇರ್ ಅಂಗಡಿಯಲ್ಲಿ ಎಲ್ಬೋ, ಟೀ, ಕಪ್ಲರ್, ಎಂಡ್ ಕ್ಯಾಪ್ ಕೊಂಡಿರಿ ಎನ್ನೋಣ. ತೆರಿಗೆ ಬಿಟ್ಟು ಒಂದೊಂದಕ್ಕೂ ₹28.50. ಜಿಎಸ್‌ಟಿ ಶೇ 18, ಅಂದರೆ ಸಿಜಿಎಸ್‌ಟಿ ಶೇ 9, ಎಸ್‌ಜಿಎಸ್‌ಟಿ ಶೇ 9.

₹28.50ಕ್ಕೆ ಶೇ 9 ಎಂದರೆ ₹2.565. ಬಿಲ್ಲಿನಲ್ಲಿ ಅರ್ಧ ಪೈಸೆ ಬರೆಯುವಂತಿಲ್ಲ, ಹಾಗಾಗಿ ಸಾಫ್ಟ್‌ವೇರ್ ಅದನ್ನು ₹2.57 ಮಾಡುತ್ತದೆ. ನಾಲ್ಕು ಸಾಲು ಕೂಡಿದರೆ ₹10.28. ಅದೇ ಒಟ್ಟು ₹114ಕ್ಕೆ ಒಂದೇ ಸಲ ಲೆಕ್ಕ ಹಾಕಿದರೆ ₹10.26. ಎಸ್‌ಜಿಎಸ್‌ಟಿಯಲ್ಲೂ ಇದೇ ಕಥೆ. ಅಲ್ಲಿಗೆ ನಾಲ್ಕು ಪೈಸೆ ವ್ಯತ್ಯಾಸ. ತೆರಿಗೆ ದರ ಬದಲಾಗಿಲ್ಲ. ಒಂದರಲ್ಲಿ ಪೈಸೆಗೆ ಸರಿಹೊಂದಿಸಿ ಕೂಡಿದ್ದೇವೆ, ಇನ್ನೊಂದರಲ್ಲಿ ಕೂಡಿದ ಮೇಲೆ ಸರಿಹೊಂದಿಸಿದ್ದೇವೆ.

ಕೊನೆಗೆ ಕಟ್ಟುವ ತೆರಿಗೆಯನ್ನು ಸಿಜಿಎಸ್‌ಟಿ ಕಾಯ್ದೆಯ 170ನೇ ಸೆಕ್ಷನ್ ಹತ್ತಿರದ ರೂಪಾಯಿಗೆ ತರುತ್ತದೆ. ಆದರೂ ಅಂಗಡಿಯ ಬಿಲ್ಲಿಂಗ್ ಒಂದು ಕ್ರಮದಲ್ಲಿ, ಲೆಕ್ಕಪುಸ್ತಕ ಇನ್ನೊಂದರಲ್ಲಿ ನಡೆದರೆ ತಾಳೆ ನೋಡುವಾಗ ತಲೆನೋವು ತಪ್ಪದು. ಎರಡಕ್ಕೂ ಒಂದೇ ಕ್ರಮ ಇಡುವುದೇ ಸರಿ.

ಒಂದು ಸಾಲು ಒಂದು ತೆರಿಗೆಯಲ್ಲಿ ಹೆಚ್ಚೆಂದರೆ ಅರ್ಧ ಪೈಸೆ ಅತ್ತಿತ್ತ ಸರಿಯುತ್ತದೆ, ಒಟ್ಟು ಮೊತ್ತವೂ ಅಷ್ಟೇ. ನಾಲ್ಕೇ ಸಾಲಿನ ಬಿಲ್ಲಿನಲ್ಲಿ ಹತ್ತಿಪ್ಪತ್ತು ಪೈಸೆ ಅಂತರ ಕಂಡರೆ ತೆರಿಗೆ ದರವನ್ನೋ ರಿಯಾಯಿತಿಯನ್ನೋ ಪರೀಕ್ಷಿಸಿ.