ಹಿಮ ತೆಗೆದಾಗಿದೆ

ಅಪ್ಪ ತೀರಿಕೊಂಡ ಸುದ್ದಿ ಬಂದಾಗ ನಾವು ಫಿನ್ಲೆಂಡಿನ ತಂಪೆರೆ ನಗರದಲ್ಲಿದ್ದೆವು. ಜನವರಿ ತಿಂಗಳು. ರಾತ್ರೋರಾತ್ರಿ ಹೊರಡುವಾಗ ಪಕ್ಕದ ಮನೆಯವರ ಬಾಗಿಲು ತಟ್ಟಿ, ಕೀಲಿ ಕೊಟ್ಟು, ವಿಷಯ ಹೇಳಿದೆ. ಅವರು ಬಸ್ ಓಡಿಸಿ ನಿವೃತ್ತರಾದವರು. ಕೀಲಿ ತೆಗೆದುಕೊಂಡು ತಲೆಯಾಡಿಸಿದರು, ಅಷ್ಟೇ. ವಿಮಾನ ನಿಲ್ದಾಣದ ದಾರಿಯಲ್ಲಿ ಹೆಂಡತಿ, "ಒಂದು ಮಾತೂ ಆಡಲಿಲ್ಲವಲ್ಲ ಈ ಮನುಷ್ಯ" ಎಂದಳು.

ಎರಡು ವಾರ ದಾವಣಗೆರೆಯಲ್ಲಿದ್ದಾಗ ನನ್ನ ಫೋನು ಕಣ್ಣೀರಿಡುವ ಎಮೋಜಿಗಳಿಂದ, ದೀಪದ ಚಿತ್ರಗಳಿಂದ, ಯಾರೋ ಬರೆದು ಯಾರೋ ಕಳಿಸಿದ ಉದ್ದುದ್ದ ಸಾಂತ್ವನಗಳಿಂದ ತುಂಬಿಹೋಯಿತು. ಪಕ್ಕದ ಮನೆಯವರಿಂದ ಬಂದದ್ದು ಮೂರೇ ಮೆಸೇಜು. ಮೊದಲನೆಯದು: "ಒತನ್ ಒಸಾ. ವೊಯ್ಮಿಯ." ನಾಲ್ಕು ದಿನ ಬಿಟ್ಟು: "ಲುಮೆತ್ ಲುಒತು." ಆಮೇಲೊಂದು ದಿನ: "ಚಳಿ 22. ನೀರು ಹೆಪ್ಪುಗಟ್ಟಿಲ್ಲ."

ಮೂರರಲ್ಲೂ ನನ್ನ ಹೆಸರಿಲ್ಲ, ಅವರ ಹೆಸರಿಲ್ಲ, ಒಂದು ಉದ್ಗಾರ ಚಿಹ್ನೆಯೂ ಇಲ್ಲ. ಆದರೂ ಆ ಹದಿನೈದು ದಿನಗಳಲ್ಲಿ ನಾನು ಮತ್ತೆ ಮತ್ತೆ ತೆಗೆದು ಓದಿದ್ದು ಆ ಮೂರನ್ನೇ.

ಏಕೆ ಎಂದು ತಿಳಿಯಲು ಫಿನ್ನಿಶ್ ಭಾಷೆಯ ಒಳಕ್ಕೆ ಸ್ವಲ್ಪ ಇಣುಕಬೇಕು. "ಒತನ್ ಒಸಾ" ಎನ್ನುವುದು ಅಲ್ಲಿ ಸಾವಿನ ಮನೆಗೆ ಹೇಳುವ ಮಾತು. ಪದಕ್ಕೆ ಪದ ನೋಡಿದರೆ "ಪಾಲು ತಗೋತೀನಿ" ಎಂದರ್ಥ. ನಿನ್ನ ದುಃಖದಲ್ಲಿ ನನಗೂ ಒಂದು ಪಾಲಿರಲಿ ಎಂಬ ಇಂಗಿತ. "ವೊಯ್ಮಿಯ" ಎಂದರೆ ಶಕ್ತಿ. ಕ್ರಿಯಾಪದವಿಲ್ಲದ ಬರೀ ನಾಮಪದ, ಅದೂ ಬಹುವಚನದಲ್ಲಿ. "ದೇವರು ನಿನಗೆ ಶಕ್ತಿ ಕೊಡಲಿ" ಎಂಬುದರಲ್ಲಿ ದೇವರನ್ನೂ ಕೊಡುವುದನ್ನೂ ತೆಗೆದುಹಾಕಿ ಶಕ್ತಿಯೊಂದನ್ನೇ ಕೈಗಿಟ್ಟ ಹಾಗೆ. ಇವೆರಡೂ ಅಲ್ಲಿ ಎಲ್ಲರೂ ಬಳಸುವ ಸಿದ್ಧ ಮಾತುಗಳೇ. ಹಾಗಾಗಿ ಪಕ್ಕದ ಮನೆಯವರು ಹೊಸದೇನನ್ನೂ ಹೇಳಲಿಲ್ಲ. ಅವರ ಮನಸ್ಸು ಕಂಡದ್ದು ಎರಡನೆಯ ಮೆಸೇಜಿನಲ್ಲಿ.

"ಲುಮೆತ್ ಲುಒತು" ಎಂದರೆ "ಹಿಮ ತೆಗೆದಾಗಿದೆ." ಯಾರು ತೆಗೆದರು? ವಾಕ್ಯ ಹೇಳುವುದಿಲ್ಲ. ಕನ್ನಡದ "ಆಗಿದೆ" ಇದ್ದಂತೆಯೇ ಅಲ್ಲೂ ಕರ್ತೃ ಮರೆಯಾಗುವ ರೂಪವಿದೆ. "ನಾನು ನಿಮಗೋಸ್ಕರ ಹಿಮ ತೆಗೆದೆ" ಎಂದಿದ್ದರೆ ನನ್ನ ತಲೆಯ ಮೇಲೊಂದು ಋಣ ಕೂರುತ್ತಿತ್ತು, ಥ್ಯಾಂಕ್ಸ್ ಹೇಳುವ ಹೊಣೆ ಬರುತ್ತಿತ್ತು. ಇಲ್ಲಿ ಹಾಗಿಲ್ಲ. ಕೆಲಸ ಮುಗಿದಿದೆ, ನೀನು ಅದರ ಚಿಂತೆ ಬಿಡು. (ತಮಾಷೆಯೆಂದರೆ ಹಿಮ ತೆಗೆಯುವುದಕ್ಕೆ ಅವರು ಬಳಸುವ ಕ್ರಿಯಾಪದಕ್ಕೆ ಸೃಷ್ಟಿಸು ಎಂಬ ಅರ್ಥವೂ ಇದೆ. ಕಲಿಯುವ ಕಾಲಕ್ಕೆ ನಾನು ಈ ವಾಕ್ಯವನ್ನು "ಹಿಮ ಸೃಷ್ಟಿಯಾಯಿತು" ಎಂದು ಓದಿ ಬೈಬಲಿನ ಸಾಲಿರಬೇಕು ಎಂದುಕೊಂಡಿದ್ದೆ.) ಇನ್ನು "ನೀರು ಹೆಪ್ಪುಗಟ್ಟಿಲ್ಲ" ಎಂದು ಬರೆಯಬೇಕಾದರೆ ಆ ಮನುಷ್ಯ ಮೈನಸ್ 22 ಡಿಗ್ರಿಯಲ್ಲಿ ಬೂಟು ಹಾಕಿಕೊಂಡು, ನಮ್ಮ ಮನೆಯ ಬೀಗ ತೆಗೆದು, ನಲ್ಲಿ ತಿರುಗಿಸಿ ನೋಡಿರಬೇಕು. ಆ ನಡಿಗೆಯೆಲ್ಲ ಮೆಸೇಜಿನಲ್ಲಿಲ್ಲ. ಓದುವವನು ಊಹಿಸಿಕೊಳ್ಳಬೇಕು. ಊಹಿಸಿಕೊಂಡಾಗ ಹುಟ್ಟುವ ಬಿಸಿ ಹೇಳಿಸಿಕೊಂಡಾಗ ಹುಟ್ಟುವುದಿಲ್ಲ.

ಹೆಸರು ಮುಂದಿಟ್ಟುಕೊಳ್ಳದ ಈ ಗುಣ ದೊಡ್ಡವರಲ್ಲೂ ಕಾಣುತ್ತದೆ. ಎಸ್ಸೆಮ್ಮೆಸ್ಸಿನ ಜನಕ ಎಂದು ಜಗತ್ತು ಕರೆದ ಮತ್ತಿ ಮಕ್ಕೊನೆನ್ ಫಿನ್ಲೆಂಡಿನವರು. 2015ರಲ್ಲಿ ತೀರಿಕೊಂಡರು. ಆ ಬಿರುದನ್ನು ಅವರು ಒಪ್ಪಿಕೊಳ್ಳಲೇ ಇಲ್ಲ. ಅದು ಹಲವರು ಸೇರಿ ಮಾಡಿದ ಕೆಲಸ ಎನ್ನುತ್ತಿದ್ದರು.

ಹಾಗಾದರೆ ಫಿನ್ನಿಶ್‌ನಲ್ಲಿ ವಿನಯವೇ ಇಲ್ಲವೇ? ಇಂಗ್ಲಿಷಿನ ಪ್ಲೀಸ್‌ಗೆ ಸರಿಸಮನಾದ ಒಂಟಿ ಪದ ಅಲ್ಲಿಲ್ಲ, ನಿಜ. ಇಂಗ್ಲಿಷ್ ಮಾತಾಡುವವರಿಗೆ ಇದು ಒರಟಾಗಿ ಕಾಣುತ್ತದೆ. ಕನ್ನಡಿಗರಿಗೆ ಕಾಣಬಾರದು. ನಮ್ಮಲ್ಲೂ "ದಯವಿಟ್ಟು" ಇರುವುದು ಬೋರ್ಡಿನ ಮೇಲೆ, ಅರ್ಜಿಯಲ್ಲಿ. ಅಡುಗೆಮನೆಯಲ್ಲಿ ಅದನ್ನು ಯಾರೂ ಆಡುವುದಿಲ್ಲ. ನಮ್ಮ ವಿನಯ ಕ್ರಿಯಾಪದದ ಬಾಲದಲ್ಲಿದೆ: ಕೊಡು, ಕೊಡಿ, ಕೊಡ್ತೀರಾ. ಫಿನ್ನಿಶ್ ಕೂಡ ಹಾಗೆಯೇ. ಕಾಫಿ ಅಂಗಡಿಯಲ್ಲಿ ಅವರು "ಸೈಸಿಂಕೊ ಕಹ್ವಿನ್?" ಎನ್ನುತ್ತಾರೆ. ಸಿಗು ಎಂಬ ಧಾತುವಿಗೆ ಸಾಧ್ಯತೆಯ ಪ್ರತ್ಯಯ, ಅದಕ್ಕೆ "ನಾನು", ಅದರ ತುದಿಗೆ ಪ್ರಶ್ನೆಯ ಪ್ರತ್ಯಯ. ನಮ್ಮ ಹಿರಿಯರು "ಒಂದು ಲೋಟ ಕಾಫಿ ಸಿಕ್ಕೀತಾ?" ಎನ್ನುತ್ತಿದ್ದರಲ್ಲ, ಹೆಚ್ಚುಕಡಿಮೆ ಅದೇ. ಹೌದು ಎನ್ನುವುದಕ್ಕೂ ಅವರು ಕ್ರಿಯಾಪದವನ್ನೇ ತಿರುಗಿ ಹೇಳುತ್ತಾರೆ. "ತುಲೆತ್ಕೊ?" "ತುಲೆನ್." ಬರ್ತೀಯಾ? ಬರ್ತೀನಿ. ಒಂದೇ ಪದದ ಉತ್ತರ, ಆದರೆ ಬರುವವನು ಯಾರೆಂಬುದೂ ಬರುತ್ತಾನೆಂಬ ಭರವಸೆಯೂ ಅದರೊಳಗೇ ಇವೆ.

ಆದರೆ ವ್ಯಾಕರಣ ಇಷ್ಟು ಹತ್ತಿರವಿದ್ದರೂ ನಾನು ಎಡವಿದೆ. ಹನ್ನೊಂದನೆಯ ದಿನದ ಕಾರ್ಯ ಮುಗಿಸಿ, ಮನಸ್ಸು ತುಂಬಿ ಬಂದು, ಅವರಿಗೆ ಇಂಗ್ಲಿಷಿನಲ್ಲಿ ಉದ್ದನೆಯ ಮೆಸೇಜು ಬರೆದೆ. ನೀವು ದೇವರಂಥವರು, ನಿಮ್ಮಂಥವರು ಕೋಟಿಗೊಬ್ಬರು, ನೀವು ನನ್ನ ಸ್ವಂತ ಅಣ್ಣನ ಹಾಗೆ, ಹೇಗೆ ಕೃತಜ್ಞತೆ ಹೇಳಲಿ, ಒಂದು ದಿನ ನಮ್ಮ ಮನೆಗೆ ಊಟಕ್ಕೆ ಬರಲೇಬೇಕು. ನಡುನಡುವೆ ಮೂರು ಸಲ ಅವರ ಹೆಸರು, ಕೊನೆಗೆ ಕೈಮುಗಿಯುವ ಎಮೋಜಿ ಐದಾರು. ಎರಡು ಗಂಟೆ ಕಳೆದ ಮೇಲೆ ಉತ್ತರ ಬಂತು: "ಎಯ್ ಸೆ ಮಿತಾನ್. ಮಿಲ್ಲೊಯ್ನ್?"

ಅದೇನೂ ದೊಡ್ಡದಲ್ಲ. ಯಾವಾಗ?

ನನಗೆ ನಗು ಬಂತು, ನಾಚಿಕೆಯೂ ಆಯಿತು. "ಒಂದು ದಿನ ಮನೆಗೆ ಬನ್ನಿ" ಎಂದು ನಾವು ಬಸ್ ಸ್ಟಾಪಿನಲ್ಲಿ ಸಿಕ್ಕವರಿಗೆಲ್ಲ ಹೇಳುತ್ತೇವೆ. ಹೇಳುವವರಿಗೂ ಕೇಳುವವರಿಗೂ ಅದು ಬಾಯುಪಚಾರವೆಂದು ಗೊತ್ತು. ಅವರಿಗೆ ಅದು ಆಹ್ವಾನ, ಆಹ್ವಾನಕ್ಕೆ ತಾರೀಖು ಬೇಕು. ಉಳಿದ ಹೊಗಳಿಕೆ ಅವರ ಮೇಲೆ ಹೇಗೆ ಬಿದ್ದಿರಬಹುದೆಂದು ಆಫೀಸಿನ ಫಿನ್ನಿಶ್ ಗೆಳತಿಯೊಬ್ಬಳು ಆಮೇಲೆ ಬಿಡಿಸಿ ಹೇಳಿದಳು. ಮಾತಿನ ನಡುವೆ ಎದುರಿನವರ ಹೆಸರು ಹಿಡಿದು ಕರೆಯುವ ರೂಢಿ ಅಲ್ಲಿ ಕಡಿಮೆ. "ಒಂದೇ ಮೆಸೇಜಿನಲ್ಲಿ ಮೂರು ಸಲ ಹೆಸರು ಬಂದರೆ ಏನೋ ಮಾರೋಕೆ ಬಂದಿದ್ದಾರೆ ಅನ್ನಿಸುತ್ತೆ" ಎಂದಳು. ದೇವರಂಥವರು ಎನ್ನುವುದು ಇನ್ನೂ ಕಷ್ಟ. ಅರ್ಧ ಗಂಟೆ ಹಿಮ ತೆಗೆದವನನ್ನು ದೇವರೆಂದರೆ, ನಾಳೆ ಪ್ರಾಣ ಉಳಿಸಿದವನಿಗೆ ಏನೆನ್ನುತ್ತೀರಿ? ಅಳತೆ ತಪ್ಪಿದ ಮಾತು ಕೇಳಿದವರು ಹೇಳಿದವನ ಉಳಿದ ಮಾತುಗಳನ್ನೂ ಅನುಮಾನಿಸತೊಡಗುತ್ತಾರೆ.

ಡೊನಾಲ್ ಕಾರ್ಬೊ ಎಂಬ ಅಮೆರಿಕದ ಸಂವಹನ ವಿದ್ವಾಂಸರು ಫಿನ್ಲೆಂಡಿನಲ್ಲಿ ಇದ್ದು ಇದನ್ನೇ ಅಭ್ಯಾಸ ಮಾಡಿದ್ದಾರೆ. ಅಮೆರಿಕನ್ನರು ನಿಜಕ್ಕೂ ಮೇಲುಮೇಲಿನವರೇ ಎಂದು ಕೇಳುವ ಶೀರ್ಷಿಕೆಯ ಅವರ ಲೇಖನ 1995ರಲ್ಲಿ ಬಂತು. ಅವರು ಗುರುತಿಸಿದ್ದನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ: ಎಲ್ಲರಿಗೂ ಕಾಣುತ್ತಿರುವುದನ್ನು ಬಾಯಿಬಿಟ್ಟು ಹೇಳಬೇಡ, ಆಡುವುದಾದರೆ ಕೇಳುವವರ ಸಮಯಕ್ಕೆ ಬೆಲೆಯಿರುವುದನ್ನು ಆಡು, ಆಡಿದ ಮೇಲೆ ಆ ಮಾತಿಗೆ ನೀನು ಬದ್ಧ. ಕೊನೆಯದೇ ಇಲ್ಲಿ ಮುಖ್ಯ. ಇವತ್ತಿನ ಮಾತು ನಾಳೆಯ ಭೇಟಿಗೆ ತಳಪಾಯ. ಹಾಗಿದ್ದಾಗ ಲಘುವಾಗಿ ಆಡಿದ ದೊಡ್ಡ ಮಾತು ಖಾತೆಯಲ್ಲಿ ಹಣವಿಲ್ಲದೆ ಬರೆದ ಚೆಕ್ಕು.

"ಹೇಗಿದ್ದೀರಿ" ಎಂಬುದಕ್ಕೆ ಅವರಲ್ಲಿರುವ ಮಾತು "ಮಿತಾ ಕೂಲೂ?" ಅಂದರೆ ಏನು ಕೇಳಿಬರುತ್ತಿದೆ, ಏನು ಸಮಾಚಾರ. ಇದನ್ನು ಕೇಳಿ ಉತ್ತರಕ್ಕೆ ಕಾಯದೆ ಮುಂದೆ ಹೋಗುವ ಹಾಗಿಲ್ಲ. ಒಮ್ಮೆ ಲಿಫ್ಟಿನಲ್ಲಿ ಸುಮ್ಮನಿರಲಾರದೆ ಸಹೋದ್ಯೋಗಿಯೊಬ್ಬರನ್ನು ಕೇಳಿದೆ. ಅವರು ಸ್ವಲ್ಪ ಯೋಚಿಸಿ, ಮಂಡಿಯ ಆಪರೇಷನ್ ಮಾರ್ಚಿಗೆ ಮುಂದೂಡಿದ್ದಾರೆ, ಅದರಿಂದ ಬೇಸರವಾಗಿದೆ ಎಂದರು. ನನ್ನ ಮಹಡಿ ಬಂದಿತ್ತು, ಇಳಿಯಲಾಗಲಿಲ್ಲ. ನಮ್ಮ "ಊಟ ಆಯ್ತಾ?" ಅಂಥ ಪ್ರಶ್ನೆಯಲ್ಲ, ಅದು ಸಿಕ್ಕವರನ್ನು ಮುಟ್ಟಿ ಮಾತಾಡಿಸುವ ರೀತಿ, ಆಗಿಲ್ಲ ಎಂದರೆ ಕೇಳಿದವರೇ ಗಲಿಬಿಲಿಗೊಳ್ಳುತ್ತಾರೆ. ಎರಡರಲ್ಲಿ ಯಾವುದೂ ಸುಳ್ಳಲ್ಲ. ಆದರೆ ಒಂದರ ಊರಿನಲ್ಲಿ ಇನ್ನೊಂದನ್ನು ಚಲಾಯಿಸಿದರೆ ಖೋಟಾ ನೋಟಿನ ಹಾಗೆ ಕಾಣುತ್ತದೆ.

ಚಿಕ್ಕ ಮೆಸೇಜೆಲ್ಲ ಬೆಚ್ಚಗಿರುತ್ತದೆಂದು ತಿಳಿಯುವುದೂ ತಪ್ಪು. ಫಿನ್ನಿಶ್ ಜನ ಸಿಟ್ಟು ಮಾಡಿಕೊಂಡಾಗಲೂ ಚಿಕ್ಕದಾಗಿಯೇ ಬರೆಯುತ್ತಾರೆ. ಜಗಳದ ಮೇಲೆ ಬಂದ ಒಂಟಿ "ಸೆಲ್ವಾ" (ತಿಳಿಯಿತು) ಮುಖಕ್ಕೆ ಬಾಗಿಲು ಹಾಕಿದಂತಿರುತ್ತದೆ. ವ್ಯತ್ಯಾಸ ಹೇಗೆ ತಿಳಿಯುತ್ತದೆ? ನಾನು ಎರಡನ್ನು ನೋಡುತ್ತೇನೆ. ಒಂದು, ಪದದ ಬಾಲ. "ತುಲೆ" ಎಂದರೆ ಬಾ. "ತುಲೆಪ" ಎಂದರೆ ಬಾರಪ್ಪ. ಈ "ಪ", ಮತ್ತು ನಮ್ಮ "ಅಲ್ವಾ" ಮಾಡುವ ಕೆಲಸವನ್ನು ಹಲವೆಡೆ ಮಾಡುವ "ಹನ್", ಇಂಥ ತುಣುಕುಗಳು ಇದ್ದರೆ ಬರೆದವರು ಹತ್ತಿರ ಕೂತಿದ್ದಾರೆ ಎಂದರ್ಥ. ಇನ್ನೊಂದು, ನಿಮಗೊಬ್ಬರಿಗೇ ಬೇಕಾಗಿದ್ದ ವಿವರ. ನಲ್ಲಿಯ ನೀರಿನ ಸುದ್ದಿ ಜಗತ್ತಿನಲ್ಲಿ ಬೇರೆ ಯಾರಿಗೂ ಬೇಕಾಗಿರಲಿಲ್ಲ.

ಫಿನ್ಲೆಂಡಿನವರೆಲ್ಲ ಮೌನಿಗಳೆಂಬುದೂ ಅರ್ಧ ಸತ್ಯ. ಪೂರ್ವದ ಸವೊ ಸೀಮೆಯವರು ಸುತ್ತಿ ಬಳಸಿ ಮಾತಾಡುವುದರಲ್ಲಿ ಹೆಸರಾದವರು. ಅವರು ಬಾಯಿ ತೆರೆದರೆ ಅರ್ಥದ ಹೊಣೆ ಕೇಳುವವನದು ಎಂಬ ಗಾದೆಯೇ ಅಲ್ಲಿದೆ. ಯುದ್ಧದಲ್ಲಿ ಕರೇಲಿಯಾ ಪ್ರಾಂತದ ಬಹುಭಾಗ ಸೋವಿಯತ್ ಒಕ್ಕೂಟದ ಪಾಲಾದಾಗ 4 ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟು ಬಂದು ದೇಶದ ಉಳಿದೆಡೆ ನೆಲೆಸಿದರು. ಅವರ ಗಲಗಲ ಮಾತು ಪಶ್ಚಿಮದವರಿಗೆ ಮೊದಮೊದಲು ವಿಚಿತ್ರವೆನ್ನಿಸಿತ್ತಂತೆ. ಹಾಗೆ ನೋಡಿದರೆ "ಮಾತು ಬೆಳ್ಳಿ, ಮೌನ ಬಂಗಾರ" ನಮ್ಮಲ್ಲೂ ಇದೆ, ಅವರಲ್ಲೂ ಇದೆ. ನಾವು ಅದನ್ನು ಮಕ್ಕಳ ಬಾಯಿ ಮುಚ್ಚಿಸಲು ಬಳಸುತ್ತೇವೆ.

"ಯಾವಾಗ?" ಎಂಬ ಪ್ರಶ್ನೆಗೆ ಮೂರು ಕರಡು ಅಳಿಸಿ ನಾನು ಬರೆದದ್ದಿಷ್ಟು: "ಶನಿವಾರ 2 ಗಂಟೆಗೆ?" ಉತ್ತರ ಬಂತು: "ಸೊಪೀ." ಆಗಬಹುದು.

ಶನಿವಾರ ಎರಡಕ್ಕೆ ಸರಿಯಾಗಿ ಬಂದರು, ಕೈಯಲ್ಲೊಂದು ಕಾಫಿಪುಡಿ ಪ್ಯಾಕೆಟ್ಟು. ಅಪ್ಪನ ಫೋಟೊದ ಮುಂದೆ ಒಂದು ನಿಮಿಷ ನಿಂತರು. ಊಟದಲ್ಲಿ ಹೆಂಡತಿ ಹೋಳಿಗೆ ಬಡಿಸಿ, ಹೇಗಿದೆ ಎಂದು ಕೇಳಿದಳು. ಅವರು ನಿಧಾನವಾಗಿ ಅಗಿದು, "ಎಯ್ ಹಸ್ಸುಂಪಿ" ಎಂದರು. ಕೆಟ್ಟದಾಗೇನೂ ಇಲ್ಲ ಎಂಬಂಥ ಮಾತದು. ಹೆಂಡತಿಯ ಮುಖ ಇಳಿಯಿತು. ಮಕ್ಕಳ ಮಾರ್ಕ್ಸ್ ಕಾರ್ಡ್ ನೋಡಿ "ಪರವಾಗಿಲ್ಲ" ಎನ್ನುತ್ತಿದ್ದ ತನ್ನ ಮಾವನನ್ನು ಅವಳು ಆಗ ನೆನೆಸಿಕೊಳ್ಳಬೇಕಿತ್ತು. ಅಷ್ಟರಲ್ಲಿ ಅವರು ತಟ್ಟೆಯನ್ನು ಅವಳತ್ತ ಸರಿಸಿದರು. ಅದು ಮೂರನೆಯ ಹೋಳಿಗೆ.