ಶಾಲೆಗೊಂದು ಅಭಿನಂದನಾ ಪತ್ರ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ಊರಿನ ಪ್ರೌಢಶಾಲೆಯ ಗೇಟಿನ ಬಳಿ ಫ್ಲೆಕ್ಸ್ ಕಟ್ಟುವವರಲ್ಲಿ ಹಳೆಯ ವಿದ್ಯಾರ್ಥಿಗಳೇ ಮುಂದು. ಮೊದಲ ಮೂರು ಸ್ಥಾನ ಪಡೆದ ಮಕ್ಕಳ ಫೋಟೊ, ಮುಖ್ಯೋಪಾಧ್ಯಾಯರ ಹೆಸರು, ದೊಡ್ಡ ಅಕ್ಷರದಲ್ಲಿ ಶೇಕಡಾವಾರು ಫಲಿತಾಂಶ, ಕೆಳಗೆ ಸಂಘದ ಹೆಸರು. ಸಂಘದ ಲೆಟರ್‌ಹೆಡ್‌ನಲ್ಲಿ ಒಂದು ಅಭಿನಂದನಾ ಪತ್ರವೂ ಶಾಲೆಗೆ ಹೋಗುತ್ತದೆ. ಹೆಚ್ಚಿನ ಕಡೆ ಆ ಪತ್ರದಲ್ಲಿ ‘ಶಾಲೆಯ ಕೀರ್ತಿ ಪತಾಕೆ’, ‘ಅವಿರತ ಶ್ರಮ’ ಎಂಬ ಮಾತುಗಳಿರುತ್ತವೆ. ಶಾಲೆಯ ಹೆಸರು ಬದಲಿಸಿದರೆ ಅದೇ ಪತ್ರ ಪಕ್ಕದ ತಾಲ್ಲೂಕಿಗೂ ಸಲ್ಲುತ್ತದೆ. ಅಭಿನಂದಿಸುವವರ ಪ್ರೀತಿ ನಿಜವಾದದ್ದು. ಆದರೆ ಶಾಲೆ ಏನು ಮಾಡಿತು ಎಂಬುದನ್ನು ತಿಳಿದು ಬರೆದ ಪತ್ರವನ್ನು ಶಿಕ್ಷಕರು ಬೇರೆ ರೀತಿಯಲ್ಲೇ ಓದುತ್ತಾರೆ. ಹಾಗೆ ಬರೆಯಬೇಕಾದರೆ ಮೊದಲು ಫಲಿತಾಂಶದ ಪಟ್ಟಿಯನ್ನು ಓದಲು ಬರಬೇಕು.

ಪಟ್ಟಿಯಲ್ಲಿ ಎದ್ದು ಕಾಣುವುದು ಶೇಕಡಾವಾರು. ಅದು ಯಾರನ್ನು ಲೆಕ್ಕಕ್ಕೆ ಹಿಡಿದು ಬಂದದ್ದು ಎಂಬುದು ಮೊದಲ ಪ್ರಶ್ನೆ. 2025ರ ಮೇ 2ರಂದು ಪ್ರಕಟವಾದ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರ ಫಲಿತಾಂಶವನ್ನೇ ನೋಡಿ. ಪತ್ರಿಕೆಗಳ ತಲೆಬರಹದಲ್ಲಿದ್ದದ್ದು ಶೇ 66.14. ಅದು ಆ ವರ್ಷ ಮೊದಲ ಬಾರಿಗೆ ಪರೀಕ್ಷೆಗೆ ಕುಳಿತ ಶಾಲಾ ಮಕ್ಕಳ ಲೆಕ್ಕ. ಪುನರಾವರ್ತಿತರು, ಖಾಸಗಿಯಾಗಿ ಕಟ್ಟಿದವರು ಎಲ್ಲರನ್ನೂ ಸೇರಿಸಿದಾಗ ಅದೇ ಪರೀಕ್ಷೆಯ ಫಲಿತಾಂಶ ಶೇ 62.34 ಆಗಿತ್ತು. ಎರಡೂ ಸರಿಯಾದ ಅಂಕಿಗಳೇ. ಶಾಲೆಯ ಮಟ್ಟದಲ್ಲೂ ಹೀಗೆಯೇ. ಸಂಘದವರು ಒಂದು ವರ್ಷ ಒಂದು ಬಗೆಯ ಲೆಕ್ಕವನ್ನೂ ಮರುವರ್ಷ ಇನ್ನೊಂದು ಬಗೆಯದನ್ನೂ ಹಿಡಿದರೆ, ಇಲ್ಲದ ಏರಿಕೆಗೆ ಸಿಹಿ ಹಂಚಿದಂತಾಗುತ್ತದೆ, ಇಲ್ಲವೇ ಇಲ್ಲದ ಇಳಿಕೆಗೆ ಶಿಕ್ಷಕರು ತಲೆ ತಗ್ಗಿಸಬೇಕಾಗುತ್ತದೆ.

ವರ್ಷದಿಂದ ವರ್ಷಕ್ಕೆ ಹೋಲಿಸುವಾಗ ಆಯಾ ವರ್ಷದ ಪರೀಕ್ಷೆ ಹೇಗಿತ್ತು ಎಂಬುದೂ ನೆನಪಿರಬೇಕು. ಕೋವಿಡ್ ಕಾಲದ 2021ರಲ್ಲಿ ಪರೀಕ್ಷೆ ಎರಡೇ ದಿನ ನಡೆಯಿತು, ಬಹುಆಯ್ಕೆಯ ಪ್ರಶ್ನೆಗಳಿಗೆ ಓಎಂಆರ್ ಹಾಳೆಯಲ್ಲಿ ಉತ್ತರ ಗುರುತಿಸಿದ್ದಾಯಿತು, ರಾಜ್ಯದ ಫಲಿತಾಂಶ ಶೇ 99.99 ತಲುಪಿತು. ಆ ವರ್ಷ ನೂರಕ್ಕೆ ನೂರು ಬಂದದ್ದಕ್ಕೆ ಯಾವ ಶಾಲೆಯನ್ನೂ ಬೇರೆಯಾಗಿ ಗುರುತಿಸುವಂತಿರಲಿಲ್ಲ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂದು ವೆಬ್‌ಕಾಸ್ಟಿಂಗ್ ಶುರುವಾಯಿತು, ನಕಲಿಗೆ ಕಡಿವಾಣ ಬಿತ್ತು. ಫಲಿತಾಂಶ ಕುಸಿಯುವುದು ಕಂಡಾಗ ಕೃಪಾಂಕದ ಪ್ರಮಾಣವನ್ನು ಶೇ 10ರಿಂದ 20ಕ್ಕೆ ಏರಿಸಲಾಯಿತು. ಹಾಗೆ ಏರಿಸಿದ ಮೇಲೆ ಬಂದದ್ದು ಶೇ 73.40. ಮರುವರ್ಷ ಅಂಥ ಹೆಚ್ಚುವರಿ ಕೃಪಾಂಕ ಇರಲಿಲ್ಲ. ಹಾಗಾಗಿ 2024ರಲ್ಲಿ ಶೇ 75 ಪಡೆದು 2025ರಲ್ಲಿ ಶೇ 72ಕ್ಕೆ ಬಂದ ಶಾಲೆ ಹಿಂದೆ ಬಿದ್ದಿದೆ ಎನ್ನಲಾಗದು. ಬಹುಶಃ ಅದು ಮುಂದೆಯೇ ಹೋಗಿದೆ. ಅಂಥ ಶಾಲೆಗೆ ಅಭಿನಂದನೆ ಕಳುಹಿಸಬೇಕೆಂದು ಯಾವ ಸಂಘಕ್ಕೂ ಹೊಳೆಯುವುದಿಲ್ಲ. ಆ ವರ್ಷ ಕಳುಹಿಸಬೇಕಾಗಿದ್ದದ್ದು ಅದಕ್ಕೇ.

ಒಂದು ಶಾಲೆಯನ್ನು ಕಲ್ಪಿಸಿಕೊಂಡು ಲೆಕ್ಕ ಬಿಡಿಸಿ ನೋಡೋಣ. ಮೂರು ವರ್ಷದ ಕೆಳಗೆ ಒಂದು ಸರ್ಕಾರಿ ಪ್ರೌಢಶಾಲೆಯ ಎಂಟನೇ ತರಗತಿಗೆ 60 ಮಕ್ಕಳು ಸೇರಿದರು. 2025ರ ಮಾರ್ಚ್‌ನಲ್ಲಿ ಪರೀಕ್ಷೆ ಬರೆದವರು 54. ಪರೀಕ್ಷೆ-1ರಲ್ಲಿ ಪಾಸಾದವರು 48. ಅಂದರೆ ಶೇ 88.9. ಹಿಂದಿನ ವರ್ಷ 52ರಲ್ಲಿ 40 ಮಂದಿ ಪಾಸಾಗಿದ್ದರು, ಅದು ಶೇ 76.9.

ಈ ಶಾಲೆ ದಕ್ಷಿಣ ಕನ್ನಡದಲ್ಲಿದ್ದರೆ ಅದರ ಫಲಿತಾಂಶ ಜಿಲ್ಲೆಯ ಸರಾಸರಿಗಿಂತ ಕಡಿಮೆ, ಏಕೆಂದರೆ ಆ ವರ್ಷ ಮೊದಲ ಸ್ಥಾನದಲ್ಲಿದ್ದ ಆ ಜಿಲ್ಲೆಯದು ಶೇ 91.12. ಇದೇ ಶಾಲೆ ಕಲಬುರಗಿ ಜಿಲ್ಲೆಯಲ್ಲಿದ್ದರೆ ಅದು ಜಿಲ್ಲೆಯ ಸರಾಸರಿಯ ಎರಡು ಪಟ್ಟಿಗೂ ಮಿಗಿಲು. ಅಲ್ಲಿನ ಫಲಿತಾಂಶ ಶೇ 42.43. ಅಂಕಿ ಒಂದೇ ಆದರೂ ಕಲಬುರಗಿಯ ಶಾಲೆಗೆ ಬರೆಯುವ ಪತ್ರಕ್ಕೂ ಬಂಟ್ವಾಳದ ಶಾಲೆಗೆ ಬರೆಯುವ ಪತ್ರಕ್ಕೂ ಹುರುಳು ಬೇರೆಯಾಗಿರಬೇಕು. ಬಂಟ್ವಾಳದಲ್ಲಿ ಹೇಳಬೇಕಾದದ್ದು ಒಂದೇ ವರ್ಷದಲ್ಲಿ ಶಾಲೆ ಕಂಡ ಹನ್ನೆರಡು ಅಂಶಗಳ ಏರಿಕೆಯ ಬಗ್ಗೆ. ಕಲಬುರಗಿಯಲ್ಲಿ ಅದರ ಜೊತೆಗೆ, ಸುತ್ತಲಿನ ಶಾಲೆಗಳಲ್ಲಿ ಆಗದ್ದು ಇಲ್ಲಿ ಹೇಗೆ ಆಯಿತು ಎಂದು ಕೇಳಿ ತಿಳಿದು, ಅದನ್ನು ಹೆಸರು ಹಿಡಿದು ಬರೆಯಬೇಕು.

ಎಂಟನೇ ತರಗತಿಗೆ ಸೇರಿದ 60 ಮಂದಿಯಲ್ಲಿ ಪರೀಕ್ಷೆಗೆ ಕೂರದ ಆರು ಮಕ್ಕಳ ವಿಷಯ ಯಾವ ಫ್ಲೆಕ್ಸಿನಲ್ಲೂ ಬರುವುದಿಲ್ಲ. ಮೂವರು ಟಿ.ಸಿ. ಪಡೆದು ಬೇರೆ ಶಾಲೆಗೆ ಹೋಗಿರಬಹುದು. ಉಳಿದ ಮೂವರು? ಕೂಲಿಗೆ ಹೋದರೇ, ಅಪ್ಪ ಅಮ್ಮನ ಜೊತೆ ಗುಳೆ ಹೋದರೇ, ಮದುವೆಯಾಯಿತೇ? ಶಾಲೆಯ ದಾಖಲಾತಿ ಪುಸ್ತಕದಲ್ಲಿ ಈ ಹೆಸರುಗಳಿರುತ್ತವೆ, ಮುಖ್ಯೋಪಾಧ್ಯಾಯರಿಗೆ ಗೊತ್ತಿರುತ್ತದೆ. ಫಲಿತಾಂಶ ಕೆಡಬಾರದೆಂದು ಓದಿನಲ್ಲಿ ಹಿಂದುಳಿದ ಮಕ್ಕಳನ್ನು ಒಂಬತ್ತರಲ್ಲೇ ತಡೆಹಿಡಿಯುವ, ಟಿ.ಸಿ. ಕೊಟ್ಟು ಕಳುಹಿಸುವ ಅಥವಾ ಖಾಸಗಿಯಾಗಿ ಪರೀಕ್ಷೆ ಕಟ್ಟಿಸುವ ಶಾಲೆಗಳ ಬಗ್ಗೆ ಪೋಷಕರ ದೂರು ಹೊಸದೇನಲ್ಲ. ಎಂಟನೇ ತರಗತಿಗೆ ಬಂದವರೆಷ್ಟು, ಹತ್ತನೆಯದನ್ನು ಬರೆದವರೆಷ್ಟು ಎಂಬ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟರೆ ಇದು ಕಾಣುತ್ತದೆ. ಅರವತ್ತು ಮಂದಿ ಸೇರಿ ನಲವತ್ತು ಮಂದಿ ಬರೆದು ನಲವತ್ತೂ ಪಾಸಾದ ಶಾಲೆಗಿಂತ, ಐವತ್ತನಾಲ್ಕು ಮಂದಿಯನ್ನು ಕೂರಿಸಿ ಆರು ಮಂದಿಯ ಸೋಲನ್ನು ತನ್ನ ಲೆಕ್ಕಕ್ಕೆ ಹಾಕಿಕೊಂಡ ಶಾಲೆ ದೊಡ್ಡದು. ಹಳೆಯ ವಿದ್ಯಾರ್ಥಿಗಳು ನೂರಕ್ಕೆ ನೂರನ್ನು ಮಾತ್ರ ಹಾಡಿ ಹೊಗಳುತ್ತ ಹೋದರೆ ಮಕ್ಕಳನ್ನು ಹೊರಗಿಡುವ ಒತ್ತಡಕ್ಕೆ ತಾವೂ ಕೈ ಜೋಡಿಸಿದಂತೆ.

ಇನ್ನು ಆ ಆರು ಮಂದಿ. 2024ರಿಂದ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ನಡೆಯುತ್ತಿದೆ. 2025ರಲ್ಲಿ ಪರೀಕ್ಷೆ-2 ಆರಂಭವಾದದ್ದು ಮೇ 26ರಂದು. ಮೊದಲ ಫಲಿತಾಂಶಕ್ಕೂ ಇದಕ್ಕೂ ನಡುವೆ ಮೂರು ವಾರಕ್ಕಿಂತ ಸ್ವಲ್ಪ ಹೆಚ್ಚು ಸಮಯವಿತ್ತು, ಅದೂ ಬೇಸಿಗೆ ರಜೆಯಲ್ಲಿ. ಊರಲ್ಲಿ ಸನ್ಮಾನಗಳು ನಡೆಯುವುದು ಇದೇ ದಿನಗಳಲ್ಲಿ. ಗಣಿತ ಅಥವಾ ಇಂಗ್ಲಿಷ್‌ನಲ್ಲಿ ಉಳಿದುಕೊಂಡ ಮಗು ಮನೆಯಿಂದ ಹೊರಗೆ ಬರದೆ ಕೂರುವುದೂ ಇದೇ ದಿನಗಳಲ್ಲಿ. ಸಂಘದವರು ಮೇ ಮೊದಲ ವಾರದಲ್ಲಿ ಚಿಕ್ಕದೊಂದು ಪತ್ರ ಕೊಟ್ಟು, ಅದನ್ನು ಕೊಡಲು ಹೋದಾಗಲೇ ‘ಸರ್, ಉಳಿದುಕೊಂಡವರು ಯಾವ ವಿಷಯದಲ್ಲಿ?’ ಎಂದು ಕೇಳಿದರೆ ಸಾಕು, ಮುಂದಿನ ಕೆಲಸ ತಾನಾಗಿ ಕಾಣುತ್ತದೆ. ರಜೆಗೆ ಊರಿಗೆ ಬಂದ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಎರಡು ವಾರ ಗಣಿತ ಹೇಳಿಕೊಡಬಹುದು. ದೂರದ ಹಳ್ಳಿಯಿಂದ ವಿಶೇಷ ತರಗತಿಗೆ ಬರುವ ಮಗುವಿನ ಬಸ್ ಖರ್ಚು, ಮಧ್ಯಾಹ್ನದ ಊಟ ನೋಡಿಕೊಳ್ಳಬಹುದು. ನಮ್ಮ ಉದಾಹರಣೆಯ ಶಾಲೆಯಲ್ಲಿ ಆರರಲ್ಲಿ ನಾಲ್ವರು ಪರೀಕ್ಷೆ-2ರಲ್ಲಿ ಪಾಸಾದರು ಎಂದುಕೊಳ್ಳಿ. ಆಗ 54ರಲ್ಲಿ 52, ಅಂದರೆ ಶೇ 96.3. ಈ ಎರಡನೇ ಅಂಕಿಗೆ ಯಾರೂ ಫ್ಲೆಕ್ಸ್ ಕಟ್ಟುವುದಿಲ್ಲ. ದೊಡ್ಡ ಪತ್ರವನ್ನು ಸಂಘ ಬರೆಯಬೇಕಾದದ್ದು ಆಗ.

ಆ ಪತ್ರದ ನಡುಭಾಗ ಹೀಗಿರಬಹುದು: ‘ಪರೀಕ್ಷೆ ಬರೆದ 54 ಮಕ್ಕಳಲ್ಲಿ 48 ಮಂದಿ ಮೊದಲ ಪರೀಕ್ಷೆಯಲ್ಲೇ ತೇರ್ಗಡೆಯಾಗಿದ್ದಾರೆ. ಹಿಂದಿನ ವರ್ಷ ಶೇ 77ರ ಹತ್ತಿರವಿದ್ದ ಫಲಿತಾಂಶ ಈ ಬಾರಿ ಶೇ 89ರ ಹತ್ತಿರ ಬಂದಿದೆ. ಉಳಿದ ಆರು ಮಂದಿಗಾಗಿ ಬೇಸಿಗೆ ರಜೆಯಲ್ಲೂ ತರಗತಿ ನಡೆಸಿದ ಗಣಿತ ಮತ್ತು ಇಂಗ್ಲಿಷ್ ಶಿಕ್ಷಕರಿಗೆ ನಾವು ಋಣಿಗಳು. ಆ ಆರರಲ್ಲಿ ನಾಲ್ವರು ಈಗ ಪಿಯುಸಿಗೆ ಸೇರಿದ್ದಾರೆ.’ ಇಷ್ಟರಲ್ಲಿ ವಿಶೇಷಣ ಒಂದೂ ಇಲ್ಲ, ಆದರೂ ಶಿಕ್ಷಕರ ಕೊಠಡಿಯಲ್ಲಿ ಇದನ್ನು ಗಟ್ಟಿಯಾಗಿ ಓದುತ್ತಾರೆ. ಪಾಸಾಗದವರ ಹೆಸರು ಪತ್ರದಲ್ಲಿ ಬರಬಾರದು. ಎರಡನೇ ಪರೀಕ್ಷೆಯಲ್ಲಿ ಪಾಸಾದವರ ಹೆಸರೂ ಬೇಡ; ಸಂಖ್ಯೆ ಸಾಕು. ಮಕ್ಕಳ ಫೋಟೊ, ಅಂಕ ಹಾಕುವುದಿದ್ದರೆ ಮೊದಲು ಮನೆಯವರ ಒಪ್ಪಿಗೆ ಪಡೆಯಬೇಕು.

ಪತ್ರ ಯಾರಿಗೆ ತಲುಪಬೇಕು ಎಂಬುದು ಇನ್ನೂ ಸೂಕ್ಷ್ಮ. ಸರ್ಕಾರಿ ಶಾಲೆಗಳಲ್ಲಿ ಸನ್ಮಾನ ಸಮಾರಂಭವನ್ನು ಆಗಸ್ಟ್ 15ಕ್ಕೋ ನವೆಂಬರ್ 1ಕ್ಕೋ ಇಟ್ಟುಕೊಳ್ಳುವುದು ರೂಢಿ. ಆ ಹೊತ್ತಿಗೆ ಆ ಮಕ್ಕಳಿಗೆ ಪಾಠ ಮಾಡಿದ ಒಬ್ಬಿಬ್ಬರಾದರೂ ವರ್ಗವಾಗಿ ಹೋಗಿರುತ್ತಾರೆ. ಅತಿಥಿ ಶಿಕ್ಷಕರ ಸ್ಥಿತಿ ಇನ್ನೂ ಕಷ್ಟದ್ದು. ಅವರ ನೇಮಕ ಒಂದು ಶೈಕ್ಷಣಿಕ ವರ್ಷಕ್ಕೆ ಮಾತ್ರ. ಫಲಿತಾಂಶ ಬರುವಾಗ ಅವರು ಶಾಲೆಯ ಪಟ್ಟಿಯಲ್ಲೇ ಇರುವುದಿಲ್ಲ. ಖಾಲಿ ಹುದ್ದೆಗಳಿರುವ ಎಷ್ಟೋ ಶಾಲೆಗಳಲ್ಲಿ ವಿಜ್ಞಾನ, ಗಣಿತವನ್ನು ಪೂರ್ತಿ ಮಾಡಿದವರು ಅವರೇ. ಶಾಲು ಹಾರ ವೇದಿಕೆಯ ಮೇಲಿದ್ದವರಿಗೆ ಬೀಳುತ್ತದೆ. ಅತಿಥಿ ಶಿಕ್ಷಕಿಗೆ ಸುದ್ದಿ ತಿಳಿಯುವುದು ಮಕ್ಕಳ ಫೋನಿನಿಂದ. ಹೆಸರು ಹಿಡಿದು, ವಿಷಯ ಬರೆದು, ಸಂಘದ ಮೊಹರು ಹಾಕಿದ ಒಂದು ಪತ್ರ ಅವರ ಮನೆಗೆ ಹೋದರೆ, ಮುಂದಿನ ಕೆಲಸಕ್ಕೆ ಅರ್ಜಿ ಹಾಕುವಾಗ ಅದನ್ನವರು ಲಗತ್ತಿಸಬಹುದು. ಅಡುಗೆ ಸಿಬ್ಬಂದಿ, ಮಕ್ಕಳು ಏಳರವರೆಗೆ ಓದಿದ ಹಿರಿಯ ಪ್ರಾಥಮಿಕ ಶಾಲೆ, ಎಸ್‌ಡಿಎಂಸಿ ಇವರಿಗೂ ಪ್ರತಿ ಸಲ್ಲಬೇಕು. ಮಗುವಿಗೆ ಅಕ್ಷರ ಕಲಿಸಿದ ಪ್ರಾಥಮಿಕ ಶಾಲೆಗೆ ಎಸ್ಸೆಸ್ಸೆಲ್ಸಿಯ ಕೀರ್ತಿಯಲ್ಲಿ ಈವರೆಗೆ ಪಾಲೇ ಸಿಕ್ಕಿಲ್ಲ.

ಅಭಿನಂದನೆಯ ಜೊತೆಗೆ ಹಣವೂ ಹೋಗುವುದುಂಟು. ಕರ್ನಾಟಕದ ಶಾಲೆಗಳಲ್ಲಿ ಇದರ ಹಳೆಯ ರೂಪ ದತ್ತಿ ಬಹುಮಾನ: ಒಂದು ಇಡುಗಂಟನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟು, ಅದರ ಬಡ್ಡಿಯಲ್ಲಿ ವರ್ಷ ವರ್ಷ ಬಹುಮಾನ ಕೊಡುವುದು. ಇಂದು 50,000 ರೂಪಾಯಿ ಇಟ್ಟರೆ ಶೇ 6.5ರ ಬಡ್ಡಿಯಲ್ಲಿ ವರ್ಷಕ್ಕೆ 3,250 ರೂಪಾಯಿ ಬರುತ್ತದೆ. ಆದರೆ ದಶಕಗಳ ಹಿಂದೆ 1,000 ರೂಪಾಯಿಯಲ್ಲಿ ಸ್ಥಾಪಿಸಿದ ದತ್ತಿಗೆ ಅದೇ ದರದಲ್ಲಿ ಸಿಗುವುದು 65 ರೂಪಾಯಿ. ಅದರಲ್ಲಿ ಒಂದು ಒಳ್ಳೆಯ ನಿಘಂಟೂ ಬರುವುದಿಲ್ಲ. ಇದನ್ನು ತಡೆಯಲು ಬಡ್ಡಿಯ ನಾಲ್ಕನೇ ಒಂದು ಪಾಲನ್ನು ಪ್ರತಿ ವರ್ಷ ಅಸಲಿಗೆ ಸೇರಿಸಬೇಕೆಂದು ದತ್ತಿ ಪತ್ರದಲ್ಲೇ ಬರೆದಿಡಬಹುದು. ಬಹುಮಾನ ಯಾರಿಗೆ ಎಂಬುದನ್ನೂ ಆಗಲೇ ಬರೆಯಬೇಕು. ಅತಿ ಹೆಚ್ಚು ಅಂಕ ಪಡೆದವರಿಗೆ ಊರೆಲ್ಲ ಬಹುಮಾನ ಕೊಡುತ್ತದೆ. ಒಂಬತ್ತನೇ ತರಗತಿಯಿಂದ ಹತ್ತಕ್ಕೆ ಅತಿ ಹೆಚ್ಚು ಮೇಲೇರಿದ ವಿದ್ಯಾರ್ಥಿಗೆ, ಅಥವಾ ಎರಡನೇ ಪರೀಕ್ಷೆಯಲ್ಲಿ ಪಾಸಾಗಿ ಓದು ಮುಂದುವರಿಸಿದವರಿಗೆ ಪಿಯುಸಿ ಪುಸ್ತಕದ ಖರ್ಚಾಗಿ ಕೊಡುವ ದತ್ತಿಗಳು ಬೇಕು. ಆ ಹಣ ಜೂನ್‌ನಲ್ಲೇ, ಕಾಲೇಜಿನ ಶುಲ್ಕ ಕಟ್ಟುವ ಹೊತ್ತಿಗೆ ಕೈ ಸೇರಬೇಕು.

ಠೇವಣಿ ಒಬ್ಬರ ಹೆಸರಿನಲ್ಲಿ ಇರಬಾರದು. ಮುಖ್ಯೋಪಾಧ್ಯಾಯರು ವರ್ಗವಾಗುತ್ತಾರೆ, ಸಂಘದ ಪದಾಧಿಕಾರಿಗಳು ಬದಲಾಗುತ್ತಾರೆ. ಯಾರ ಸಹಿ ನಡೆಯುತ್ತದೆ ಎಂದು ತಿಳಿಯದೆ ದತ್ತಿಯ ಬಡ್ಡಿ ಬ್ಯಾಂಕಿನಲ್ಲೇ ಕೊಳೆಯುವುದಕ್ಕೆ ಇದೇ ಕಾರಣ. ಸಂಘ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿದ್ದು, ಸಹಿಯ ಅಧಿಕಾರವನ್ನು ಹುದ್ದೆಗೆ ಕೊಟ್ಟಿದ್ದರೆ ಈ ತೊಡಕು ಬರುವುದಿಲ್ಲ. ದುಬೈಯಲ್ಲೋ ಅಮೆರಿಕದಲ್ಲೋ ಇರುವ ಸಹಪಾಠಿಗಳಿಂದ ಹಣ ತರಿಸುವಾಗ ಅವರ ಪಾಸ್‌ಪೋರ್ಟ್ ಯಾವ ದೇಶದ್ದೆಂದು ಖಜಾಂಚಿ ಕೇಳಿಕೊಳ್ಳಬೇಕು. ಭಾರತದ ಪೌರರಾಗಿಯೇ ಉಳಿದವರು ಬ್ಯಾಂಕ್ ಮೂಲಕ ಕಳುಹಿಸುವ ತಮ್ಮ ಉಳಿತಾಯದ ಹಣ ವಿದೇಶಿ ದೇಣಿಗೆ ಎನಿಸುವುದಿಲ್ಲ. ಅಲ್ಲಿನ ಪೌರತ್ವ ಪಡೆದವರದು ವಿದೇಶಿ ದೇಣಿಗೆ ಆಗುತ್ತದೆ, ಎಫ್‌ಸಿಆರ್‌ಎ ಅನುಮತಿ ಇಲ್ಲದ ಸಂಘ ಅದನ್ನು ಪಡೆಯುವಂತಿಲ್ಲ. ಅಂಥ ಗೆಳೆಯರು ರಜೆಗೆ ಬಂದಾಗ ಮಕ್ಕಳಿಗೆ ಒಂದು ವಾರ ಪಾಠ ಮಾಡಿ ಹೋಗಬಹುದು. ಅದಕ್ಕೆ ಮೊದಲು ಮುಖ್ಯೋಪಾಧ್ಯಾಯರನ್ನು ಕೇಳಿಕೊಳ್ಳಬೇಕು.